ಬ್ರೆಜಿಲ್ ದೇಶದ ಮೈಬಣ್ಣದ ಏಣಿ

ದಕ್ಷಿಣ ಅಮೆರಿಕದ ಬ್ರೆಜಿಲ್ ದೇಶದಲ್ಲಿ ರಿಯೋ ಡಿ ಜನೈರೊ ಎಂಬ ನಗರವುಂಟು. ಅಲ್ಲಿಯ ರಾಷ್ಟ್ರೀಯ ಲಲಿತಕಲಾ ಸಂಗ್ರಹಾಲಯಕ್ಕೆ ಸೇರಿದ ಒಂದು ತೈಲಚಿತ್ರದ ಅಚ್ಚಿನ ಪ್ರತಿಯನ್ನು ಈ ವರ್ಷ ಮೇಲಿನ ತರಗತಿಯ ಭೂಗೋಳದ ಪಾಠದಲ್ಲಿ ನಾವು ತೋರಿಸಿದೆವು. ಸ್ಪೇನಿನಲ್ಲಿ ಹುಟ್ಟಿ ಬ್ರೆಜಿಲಿನಲ್ಲಿ ನೆಲೆಸಿದ ಮೊಡೆಸ್ಟೊ ಬ್ರೋಕೋಸ್ ಎಂಬ ಚಿತ್ರಕಾರನು 1895ರಲ್ಲಿ ಬರೆದ ಚಿತ್ರವದು. ಒಂದು ಬಡ ಮನೆಯ ಬಾಗಿಲಲ್ಲಿ ನಾಲ್ವರಿದ್ದಾರೆ. ಬರಿಗಾಲಿನಲ್ಲಿ ಮಣ್ಣುನೆಲದ ಮೇಲೆ ನಿಂತಿರುವ ಕಪ್ಪುಬಣ್ಣದ ಅಜ್ಜಿಯು ಎರಡು ಕೈಗಳನ್ನೂ ಎತ್ತಿ ಆಕಾಶವನ್ನು ನೋಡುತ್ತಿದ್ದಾಳೆ. ನಡುವೆ ಕುಳಿತಿರುವ ಅವಳ ಮಗಳು ಕಂದುಬಣ್ಣದವಳು. ಅವಳ ಮಡಿಲಿನ ಮಗುವು ಬೆಳ್ಳಗಿದೆ. ಬಾಗಿಲ ಬಳಿಯಲ್ಲಿ ಕುಳಿತ ಬಿಳಿಯ ತಂದೆಯು ಆ ಮಗುವನ್ನು ಓರೆಯಾಗಿ ನೋಡಿ ತೃಪ್ತಿಯಿಂದ ಮುಗುಳ್ನಗುತ್ತಾನೆ.

ಚಿತ್ರವನ್ನು ನೋಡಿದ ಹುಡುಗಿಯರಲ್ಲಿ ಒಬ್ಬಳು ಎದ್ದು, "ಅಜ್ಜಿಯು ಯಾವುದಕ್ಕಾಗಿ ದೇವರನ್ನು ಸ್ತುತಿಸುತ್ತಾಳೆ, ಅಮ್ಮಾ? ಮಗು ಹುಟ್ಟಿತೆಂದೋ, ಬೆಳ್ಳಗೆ ಹುಟ್ಟಿತೆಂದೋ?" ಎಂದು ಕೇಳಿದಳು. ಗಂಟೆ ಹೊಡೆದುದರಿಂದ ಅಂದು ನಾವು ಸರಿಯಾದ ಉತ್ತರವನ್ನು ಕೊಡಲಾಗಲಿಲ್ಲ. ಅದನ್ನು ಈ ಸಂಚಿಕೆಯಲ್ಲಿ ಕೊಡಲು ಯತ್ನಿಸುತ್ತೇವೆ.

ಚಿತ್ರಕ್ಕೆ ಬ್ರೋಕೋಸನು ಇಟ್ಟ ಹೆಸರೇ ಅರ್ಧ ಉತ್ತರವನ್ನು ಹೇಳುತ್ತದೆ. "ಹಾಮನ ವಿಮೋಚನೆ" ಎಂಬುದು ಆ ಹೆಸರು. ಆಫ್ರಿಕದವರೆಲ್ಲರೂ ನೋಹನ ಮಗನಾದ ಹಾಮನ ಸಂತತಿಯವರು, ಅವರ ಕಪ್ಪುಬಣ್ಣವೂ ದಾಸತ್ವವೂ ಹಾಮನ ಮೇಲೆ ಬಿದ್ದ ಶಾಪದ ಫಲ ಎಂದು ಗುಲಾಮರನ್ನು ಇಟ್ಟುಕೊಂಡವರು ಬಹುಕಾಲ ಹೇಳುತ್ತಿದ್ದರು. ಆದಿಕಾಂಡದ ಒಂಬತ್ತನೆಯ ಅಧ್ಯಾಯವನ್ನು ತೆರೆದು ನೋಡುವ ಯಾರಿಗಾದರೂ ಅಲ್ಲಿ ಶಾಪವು ಹಾಮನ ಮೇಲಲ್ಲ, ಅವನ ಮಗನಾದ ಕಾನಾನನ ಮೇಲೆ ಹೇಳಲ್ಪಟ್ಟಿರುವುದೂ, ಮೈಬಣ್ಣದ ಮಾತು ಒಂದೂ ಇಲ್ಲದಿರುವುದೂ ಕಂಡುಬರುವುದು. ಇಲ್ಲದ ಶಾಪಕ್ಕೆ ಚಿತ್ರಕಾರನು ವಿಮೋಚನೆಯನ್ನು ಬರೆದನು. ಆ ವಿಮೋಚನೆಯಾದರೋ ಮೂರು ತಲೆಮಾರುಗಳಲ್ಲಿ ಕಪ್ಪು ಬಿಳಿದಾಗುವುದೇ.

ಈ ಆಲೋಚನೆಯು ಒಬ್ಬ ಚಿತ್ರಕಾರನದು ಮಾತ್ರವಲ್ಲ. ಮುನ್ನೂರು ವರ್ಷಗಳಿಗೂ ಮಿಕ್ಕಿ ಆಫ್ರಿಕದಿಂದ ಗುಲಾಮರು ಬ್ರೆಜಿಲಿಗೆ ತರಲ್ಪಟ್ಟರು. ಅಲ್ಲಿ ಜೀವದಿಂದ ಇಳಿದವರು ಸುಮಾರು 48 ಲಕ್ಷ ಮಂದಿ. ಅಮೆರಿಕ ಖಂಡಗಳ ಬೇರೆ ಯಾವ ದೇಶಕ್ಕೂ ಇಷ್ಟು ಜನರು ಸಾಗಿಸಲ್ಪಡಲಿಲ್ಲ. 1888ನೆಯ ಮೇ 13ರಂದು ರಾಜಕುಮಾರಿ ಇಸಬೆಲ್ ಸಹಿಮಾಡಿದ ಕಾಯಿದೆಯಿಂದ ದಾಸತ್ವವು ನಿಂತಿತು. ಬಿಡುಗಡೆಯಾದವರಿಗೆ ಭೂಮಿಯಾಗಲಿ ಶಾಲೆಯಾಗಲಿ ಕೊಡಲ್ಪಡಲಿಲ್ಲ. ಅದರ ಬದಲು, ಇಷ್ಟೊಂದು ಕಪ್ಪು ಜನರಿರುವ ದೇಶವು ಮುಂದುವರಿಯುವುದು ಹೇಗೆ ಎಂಬ ಚಿಂತೆಯು ಅಲ್ಲಿಯ ವಿದ್ಯಾವಂತರನ್ನು ಹಿಡಿಯಿತು. 1890ರಲ್ಲಿ ಹೊರಟ ಒಂದು ಸರಕಾರೀ ಆಜ್ಞೆಯ ಪ್ರಕಾರ ದುಡಿಯಶಕ್ತರಾದ ವಲಸೆಗಾರರು ದೇಶದ ರೇವುಗಳಿಗೆ ಧಾರಾಳವಾಗಿ ಬರಬಹುದಾಗಿತ್ತು. ಆಫ್ರಿಕ, ಏಷ್ಯ ಖಂಡಗಳವರು ಮಾತ್ರ ವಿಶೇಷ ಅಪ್ಪಣೆಯಿಲ್ಲದೆ ಬರಕೂಡದು. (ಏಷ್ಯವೆಂದಮೇಲೆ ಆ ಬಾಗಿಲು ನಮ್ಮ ದೇಶದವರಿಗೂ ಮುಚ್ಚಿತ್ತೆಂಬುದನ್ನು ವಾಚಕರು ಗಮನಿಸಬೇಕು. ಎರಡು ವರ್ಷಗಳ ತರುವಾಯ ಚೀನದವರಿಗೂ ಜಪಾನಿನವರಿಗೂ ಅದು ಸಡಿಲವಾಯಿತು.) ಇಟಲಿಯಿಂದ ಬಂದ ಕೂಲಿಯವರಿಗೆ ಕಾಫಿತೋಟಗಳ ಸಾವೊ ಪೌಲೊ ಪ್ರಾಂತದ ಸರಕಾರವೇ ಹಡಗಿನ ಕೂಲಿಯನ್ನು ತೆತ್ತಿತು.

1911ರಲ್ಲಿ ಲಂಡನಿನಲ್ಲಿ ಸಕಲ ಜನಾಂಗಗಳ ಒಂದು ಮಹಾಸಭೆಯು ಕೂಡಿತು. ರಿಯೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಅಧ್ಯಕ್ಷನಾದ ಜೊವಾವೊ ಬಾಟಿಸ್ಟ ಡಿ ಲಸೆರ್ಡ ಎಂಬ ವೈದ್ಯನು ಅಲ್ಲಿ ಬ್ರೆಜಿಲಿನ ಪರವಾಗಿ ಪ್ರಬಂಧವನ್ನು ಓದಿದನು. ಬೆರಕೆ ಮದುವೆಗಳಿಂದಲೂ ಯುರೋಪಿನ ವಲಸೆಯಿಂದಲೂ ಇನ್ನು ಒಂದು ಶತಮಾನದೊಳಗೆ ಬ್ರೆಜಿಲಿನಲ್ಲಿ ಕಪ್ಪು ಜನರೇ ಇಲ್ಲದಂತಾಗುವರು ಎಂಬುದು ಅವನ ಭವಿಷ್ಯ. ಅದಕ್ಕೆ ದೃಷ್ಟಾಂತವಾಗಿ ಅವನು ಕೊಟ್ಟದ್ದು ಬ್ರೋಕೋಸನ ಇದೇ ಚಿತ್ರವನ್ನು. ಬೆರೆಯುವುದೆಂದರೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳುವುದು ಎಂದು ನಾವು ತಿಳಿಯುತ್ತೇವೆ. ಲಸೆರ್ಡನ ಮನಸ್ಸಿನಲ್ಲಿದ್ದುದು ಪಂಕ್ತಿಯಲ್ಲ, ಏಣಿ. ಒಂದೊಂದು ತಲೆಮಾರೂ ಒಂದು ಮೆಟ್ಟಲು. ಹತ್ತುವ ದಿಕ್ಕು ಒಂದೇ.

ಮುಂದೆ ಈ ಮಾತು ಬೇರೆ ರೂಪವನ್ನು ತಾಳಿತು. ರೆಸಿಫೆ ಪಟ್ಟಣದ ಬ್ಯಾಪ್ಟಿಸ್ಟ್ ಮಿಶನ್ ಶಾಲೆಯಲ್ಲಿ ಓದಿ, ಬಳಿಕ ಉತ್ತರ ಅಮೆರಿಕದಲ್ಲಿ ವ್ಯಾಸಂಗಮಾಡಿ ಬಂದ ಜಿಲ್ಬೆರ್ಟೊ ಫ್ರೇರಿ ಎಂಬ ಲೇಖಕನು 1933ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಬೆರಕೆಯು ಬ್ರೆಜಿಲಿನ ನಾಚಿಕೆಯಲ್ಲ, ಅದರ ಹೆಮ್ಮೆ. ಅಡಿಗೆ, ಸಂಗೀತ, ಮಾತು, ಭಕ್ತಿ ಎಲ್ಲದರಲ್ಲಿಯೂ ಆಫ್ರಿಕದ ಅಂಶವು ಪ್ರತಿಯೊಬ್ಬ ಬ್ರೆಜಿಲಿಯನನಲ್ಲಿಯೂ ಉಂಟು ಎಂದು ಅವನು ತೋರಿಸಿದನು. ಕಪ್ಪು ಜನರು ಅಳಿಯಬೇಕೆಂಬ ಲಸೆರ್ಡನ ಮಾತಿಗೂ ಇದಕ್ಕೂ ಅಜಗಜಾಂತರವುಂಟು. ಉತ್ತರ ಅಮೆರಿಕದ ಸಂಸ್ಥಾನಗಳಲ್ಲಿ ಆಗ ಇದ್ದಂತೆ ರೈಲಿನಲ್ಲಿ ಬೇರೆ ಡಬ್ಬಿ, ಬೇರೆ ಶಾಲೆ, ಮದುವೆಗೆ ಅಡ್ಡವಾದ ಕಾಯಿದೆ, ಇವೊಂದೂ ಬ್ರೆಜಿಲಿನಲ್ಲಿರಲಿಲ್ಲವೆಂಬುದೂ ಸತ್ಯವೇ. ಇದರಿಂದ "ಜನಾಂಗಗಳ ಪ್ರಜಾಪ್ರಭುತ್ವ" ಎಂಬ ಕೀರ್ತಿಯು ಆ ದೇಶಕ್ಕೆ ಬಂದಿತು. ಸರಕಾರವೂ ಅದನ್ನು ಮೆಚ್ಚಿ ಸಾರಿತು.

ಆದರೆ 1950ರಲ್ಲಿ ಪ್ರಸಿದ್ಧ ನರ್ತಕಿಯಾದ ಕ್ಯಾಥರೀನ್ ಡನ್‌ಹಮ್ ಎಂಬ ಅಮೆರಿಕದ ಕಪ್ಪು ಮಹಿಳೆಗೆ ಸಾವೊ ಪೌಲೊ ನಗರದ ಒಂದು ದೊಡ್ಡ ಹೋಟೆಲು ಕೊಠಡಿಯನ್ನು ಕೊಡಲಿಲ್ಲ. ಪತ್ರಿಕೆಗಳಲ್ಲಿ ಗದ್ದಲವೆದ್ದಿತು. ಮರುವರ್ಷ ಬಣ್ಣದ ಕಾರಣದಿಂದ ಹೋಟೆಲು, ಅಂಗಡಿ, ಶಾಲೆಗಳಲ್ಲಿ ಪ್ರವೇಶವನ್ನು ನಿರಾಕರಿಸುವುದು ಅಪರಾಧವೆಂದು ಕಾಯಿದೆಯಾಯಿತು. ಇಲ್ಲವೆಂದು ಹೇಳುತ್ತಿದ್ದ ರೋಗಕ್ಕೆ ಔಷಧವನ್ನು ಬರೆದಂತಾಯಿತಲ್ಲವೆ? ಆ ದಿನಗಳಲ್ಲಿ ಕೆಲಸಕ್ಕೆ ಜನರು ಬೇಕೆಂದು ಕೊಡುವ ಜಾಹೀರಾತುಗಳಲ್ಲಿ "ಒಳ್ಳೆಯ ರೂಪವುಳ್ಳವರು" ಎಂಬ ಮಾತು ಸಾಮಾನ್ಯವಾಗಿತ್ತು. ಅದರ ಅರ್ಥವು ಓದಿದವರೆಲ್ಲರಿಗೂ ಗೊತ್ತಿತ್ತು. ಬಣ್ಣದ ಹೆಸರನ್ನು ಎತ್ತದೆಯೇ ಬಣ್ಣವನ್ನು ಕೇಳುವ ಉಪಾಯವದು.

ಇಂಥ ಏರ್ಪಾಟಿಗೆ "ಪಿಗ್ಮೆಂಟೋಕ್ರಸಿ", ಎಂದರೆ ಮೈಬಣ್ಣದ ಪ್ರಭುತ್ವ, ಎಂಬ ಹೆಸರನ್ನು ಚಿಲಿ ದೇಶದಲ್ಲಿ ನೆಲೆಸಿದ್ದ ಅಲೆಕ್ಸಾಂಡರ್ ಲಿಪ್‌ಶೂಟ್ಜ್ ಎಂಬ ಶರೀರಶಾಸ್ತ್ರಜ್ಞನು 1944ರಲ್ಲಿ ಬಳಕೆಗೆ ತಂದನು. ಅದು ನಡೆಯುವ ಕ್ರಮವನ್ನು ಎಲ್ಲರಿಗಿಂತ ತಿಳಿಯಾಗಿ ಬಿಡಿಸಿ ಹೇಳಿದವನು ಬ್ರೆಜಿಲಿನ ಸಮಾಜಶಾಸ್ತ್ರಜ್ಞ ಒರಾಸಿ ನೊಗೇರನೆಂದು ನಮಗೆ ತೋರುತ್ತದೆ. 1954ರಲ್ಲಿ ಅವನು ಎರಡು ಬಗೆಯ ತಾತ್ಸಾರಗಳನ್ನು ಬೇರ್ಪಡಿಸಿದನು. ಒಂದು, ಮೂಲದ ತಾತ್ಸಾರ. ಉತ್ತರ ಅಮೆರಿಕದಲ್ಲಿ ಮುತ್ತಜ್ಜಿ ಒಬ್ಬಳು ಆಫ್ರಿಕದವಳಾಗಿದ್ದರೆ ಸಾಕು, ನೋಡಲು ಎಷ್ಟೇ ಬೆಳ್ಳಗಿದ್ದರೂ ಅವನನ್ನು ಕಪ್ಪು ಜನರ ಸಾಲಿಗೆ ತಳ್ಳುತ್ತಿದ್ದರು. ಇನ್ನೊಂದು, ಗುರುತಿನ ತಾತ್ಸಾರ. ಬ್ರೆಜಿಲಿನಲ್ಲಿ ಅಜ್ಜಿ ಯಾರೆಂದು ಕೇಳುವುದಿಲ್ಲ, ಮುಖವನ್ನು ನೋಡುತ್ತಾರೆ. ಚರ್ಮದ ಬಣ್ಣ, ಕೂದಲಿನ ಸುರುಳಿ, ಮೂಗಿನ ಅಗಲ, ತುಟಿಯ ದಪ್ಪ, ಇವುಗಳಿಂದ ಒಬ್ಬನ ಸ್ಥಾನವು ಗೊತ್ತಾಗುತ್ತದೆ. ಆದುದರಿಂದ ಅಲ್ಲಿ ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಮೆಟ್ಟಲುಗಳಲ್ಲಿ ನಿಲ್ಲಬಹುದು. ಗೋಡೆಯಿದ್ದ ದೇಶದಲ್ಲಿ ಗೋಡೆಯ ಆಚೆ ಇದ್ದವರೆಲ್ಲರೂ ಒಟ್ಟುಗೂಡಿ ಅದನ್ನು ಕೆಡಹಲು ಹೊರಟರು. ಏಣಿಯಿದ್ದ ದೇಶದಲ್ಲಿ ಪ್ರತಿಯೊಬ್ಬನೂ ತಾನು ಮೇಲಿನ ಮೆಟ್ಟಲಿನವನೆಂದು ಹೇಳಿಕೊಳ್ಳಲು ಆಸ್ಪದವಿತ್ತು.

ಆ ಮೆಟ್ಟಲುಗಳ ಹೆಸರುಗಳನ್ನು ಕೇಳಿದರೆ ನಗುವೂ ಬರುವುದು, ವ್ಯಸನವೂ ಆಗುವುದು. ಸರಕಾರದ ಜನಗಣತಿಯು ಬಿಳಿ, ಕಂದು, ಕಪ್ಪು, ಹಳದಿ ಎಂಬ ಕೆಲವೇ ಮಾತುಗಳನ್ನು ಬಳಸುತ್ತಿತ್ತು. 1976ರಲ್ಲಿ ಗಣತಿಯ ಇಲಾಖೆಯವರು ಮನೆಮನೆಗೆ ಹೋಗಿ, ನಿಮ್ಮ ಬಣ್ಣವನ್ನು ನೀವೇ ನಿಮ್ಮ ಮಾತಿನಲ್ಲಿ ಹೇಳಿರಿ ಎಂದು ಕೇಳಿದಾಗ ನೂರ ಮೂವತ್ತಕ್ಕೂ ಹೆಚ್ಚು ಹೆಸರುಗಳು ಬಂದವು. ಹಾಲು ಬೆರೆಸಿದ ಕಾಫಿ, ದಾಲಚಿನ್ನಿ, ಬಿಸಿಲಿಗೆ ಸುಟ್ಟ ಬಣ್ಣ, ಕೊನೆಗೆ ಓಡಿಹೋಗುವ ಕತ್ತೆಯ ಬಣ್ಣವೆಂದೂ ಒಂದು! ಆ ಪಟ್ಟಿಯಲ್ಲಿ "ಜಂಬೊ" ಎಂಬ ಹೆಸರನ್ನು ನೋಡಿ ನಾವು ಬೆರಗಾದೆವು. ಅದು ನಮ್ಮ ಕರಾವಳಿಯ ಜಂಬುನೇರಳೆಯೇ. ಪೋರ್ತುಗೀಸರು ಈ ಕಡೆಯ ಹಣ್ಣಿನೊಂದಿಗೆ ಸಂಸ್ಕೃತದ "ಜಂಬು" ಎಂಬ ಹೆಸರನ್ನೂ ಒಯ್ದು ಅಲ್ಲಿ ನೆಟ್ಟರು. ಕೆಂಪು ಮಿಶ್ರವಾದ ಕಂದುಬಣ್ಣದ ಹೆಣ್ಣುಮಗಳನ್ನು ಅಲ್ಲಿ ಜಂಬುವಿನ ಬಣ್ಣದವಳೆಂದು ಕರೆಯುವುದುಂಟು. ಹೆಸರುಗಳು ಇಷ್ಟಿದ್ದರೂ ಹೆಚ್ಚಿನ ಜನರು ಕೊಟ್ಟವು ಐದಾರು ಮಾತ್ರ. ಆ ಹೆಸರುಗಳಲ್ಲಿ "ಕಪ್ಪು" ಎಂಬುದನ್ನು ತಪ್ಪಿಸಿಕೊಳ್ಳುವ ಯತ್ನವು ಎದ್ದುಕಾಣುತ್ತದೆ.

ಮೇಲಿನ ಮೆಟ್ಟಲಿಗೆ ಏರಿದವನಿಗೆ ನಿಜವಾಗಿ ಲಾಭವಾಗುತ್ತದೆಯೆ? ಇದನ್ನು ಅಳೆಯುವುದು ತೋರುವಷ್ಟು ಸುಲಭವಲ್ಲ. ಜನರು ತಮ್ಮ ಬಣ್ಣವನ್ನು ತಾವೇ ಹೇಳುವಾಗ ಹಣವೂ ವಿದ್ಯೆಯೂ ನಡುವೆ ಬರುತ್ತವೆ. ಹಣವು ಬೆಳ್ಳಗೆ ಮಾಡುತ್ತದೆ ಎಂಬ ನಾಣ್ಣುಡಿಯೇ ಅಲ್ಲುಂಟು. ಒಳ್ಳೆಯ ಉಡುಪಿನ ವಕೀಲನೂ ಹೊಲದ ಕೂಲಿಯವನೂ ಒಂದೇ ಬಣ್ಣದವರಾಗಿದ್ದರೆ ನೆರೆಯವರು ಮೊದಲನೆಯವನನ್ನು ಒಂದು ಮೆಟ್ಟಲು ಮೇಲಕ್ಕೆ ಎಣಿಸುವರು. ಹೀಗಾದರೆ, ಬೆಳ್ಳಗಿರುವವರು ಸ್ಥಿತಿವಂತರಾದರೋ, ಸ್ಥಿತಿವಂತರು ಬೆಳ್ಳಗಿನವರೆನಿಸಿದರೋ ಎಂದು ತಿಳಿಯುವುದು ಹೇಗೆ?

ಸಮಾಜಶಾಸ್ತ್ರಜ್ಞ ಎಡ್ವರ್ಡ್ ಟೆಲ್ಲಸನ ಮುಂದಾಳುತನದಲ್ಲಿ ಬ್ರೆಜಿಲ್, ಮೆಕ್ಸಿಕೊ, ಕೊಲಂಬಿಯ, ಪೆರು ಎಂಬ ನಾಲ್ಕು ದೇಶಗಳಲ್ಲಿ ನಡೆದ ಪರಿಶೋಧನೆಯು ಇದಕ್ಕೆ ಒಂದು ಉಪಾಯವನ್ನು ಹುಡುಕಿತು. ಪ್ರಶ್ನೆ ಕೇಳಲು ಹೋದವರ ಕೈಯಲ್ಲಿ ಅತಿ ತಿಳಿಯಿಂದ ಅತಿ ಕಪ್ಪಿನವರೆಗೆ ಹನ್ನೊಂದು ಛಾಯೆಗಳನ್ನು ಅಚ್ಚುಹಾಕಿದ ಒಂದು ಹಾಳೆಯಿತ್ತು. ಎದುರಿಗಿರುವವರ ಮುಖದ ಬಣ್ಣಕ್ಕೆ ಯಾವ ಛಾಯೆ ಹೊಂದುವುದೋ ಅದರ ಅಂಕಿಯನ್ನು ಅವರು ಗುರುತು ಹಾಕಿಕೊಳ್ಳುತ್ತಿದ್ದರು, ಕೇಳಿ ಬರೆದುಕೊಳ್ಳುವುದಲ್ಲ. ಬೇರೆಯಾಗಿ, ತಾನು ಯಾವ ಜನಾಂಗದವನೆಂದು ಅವನ ಬಾಯಿಂದಲೇ ಕೇಳುತ್ತಿದ್ದರು. ತಂದೆತಾಯಿಗಳ ಉದ್ಯೋಗವೇನೆಂದೂ ವಿಚಾರಿಸಿದರು. ಒಂದೇ ಅಂತಸ್ತಿನ ಮನೆಗಳಲ್ಲಿ ಹುಟ್ಟಿದವರನ್ನು ಒಬ್ಬರೊಡನೊಬ್ಬರನ್ನು ಹೋಲಿಸಬೇಕಷ್ಟೆ. 2014ರಲ್ಲಿ ಗ್ರಂಥರೂಪವಾಗಿ ಪ್ರಕಟವಾದ ಫಲಿತಾಂಶವು ಹೀಗಿತ್ತು: ಬಾಯಿಂದ ಹೇಳಿದ ಜನಾಂಗದ ಹೆಸರಿಗಿಂತ ಕಣ್ಣಿಗೆ ಕಂಡ ಛಾಯೆಯೇ ಅವರವರ ವಿದ್ಯೆಯ ವರ್ಷಗಳನ್ನು ಹೆಚ್ಚು ಸರಿಯಾಗಿ ಸೂಚಿಸುತ್ತಿತ್ತು. ಛಾಯೆಯು ಗಾಢವಾದಂತೆಲ್ಲ ಓದು ಕಡಿಮೆ. ಛಾಯೆಯನ್ನು ಗುರುತಿಸುವವರೂ ಮನುಷ್ಯರೇ ಆದುದರಿಂದ ಹಾಳೆಯು ಹಣದ ಮಾಯೆಯನ್ನು ಪೂರ್ತಿಯಾಗಿ ನೀಗಿಸಲಾರದು, ಕಡಿಮೆ ಮಾಡಬಹುದು.

ಇದಕ್ಕಿಂತಲೂ ಬಿಗಿಯಾದ ಪರೀಕ್ಷೆಯೊಂದುಂಟು. ಬ್ರೆಜಿಲಿನ ಮನೆವಾರು ಸಮೀಕ್ಷೆಗಳಲ್ಲಿ ಅವಳಿ ಮಕ್ಕಳಲ್ಲಿ ಒಬ್ಬರನ್ನು ಬಿಳಿಯೆಂದೂ ಇನ್ನೊಬ್ಬರನ್ನು ಕಂದು ಅಥವಾ ಕಪ್ಪೆಂದೂ ಬರೆಯಿಸಿದ ಕುಟುಂಬಗಳು ಸಾಕಷ್ಟು ಸಿಕ್ಕುತ್ತವೆ. ಆ ಇಬ್ಬರಿಗೂ ಮನೆ ಒಂದೇ, ತಂದೆಯ ಸಂಬಳ ಒಂದೇ, ಬೀದಿ ಒಂದೇ, ವಯಸ್ಸೂ ಒಂದೇ. 1982ರಿಂದ 2009ರ ವರೆಗಿನ ಸಮೀಕ್ಷೆಗಳಿಂದ ಇಂಥ ಹದಿಹರೆಯದ ಅವಳಿಗಳನ್ನು ಆರಿಸಿ ಹೋಲಿಸಿದಾಗಲೂ, ಬಿಳಿಯೆಂದು ಬರೆಯಿಸಲ್ಪಡದ ಮಗುವು ಓದಿನಲ್ಲಿ ಹಿಂದುಳಿದಿರುವುದು ಕಂಡುಬಂದಿತು, ಗಂಡುಹುಡುಗರಲ್ಲಿ ಹೆಚ್ಚಾಗಿ. ಬಡತನವೇ ಎಲ್ಲಕ್ಕೂ ಕಾರಣ, ಬಣ್ಣವಲ್ಲ ಎಂಬ ಬಹುಕಾಲದ ಸಮಾಧಾನವು ಇಲ್ಲಿ ನಿಲ್ಲಲಾರದು.

ಒಂದು ಮನೆಯೊಳಗೆ ಅದು ಹೇಗೆ ಆರಂಭವಾಗುತ್ತದೆ? ಬಹಿಯ ಪ್ರಾಂತದ ಸಾಲ್ವಡೋರ್ ನಗರದಲ್ಲಿ ಕಪ್ಪು ಮತ್ತು ಕಂದುಬಣ್ಣದ ಜನರೇ ಹೆಚ್ಚು. ಅಲ್ಲಿಯ ಕುಟುಂಬಗಳೊಡನೆ ಇದ್ದು ಅಭ್ಯಾಸಮಾಡಿದ ಎಲಿಜಬೆತ್ ಹೋರ್ಜ್-ಫ್ರೀಮನ್ ಎಂಬ ಅಮೆರಿಕದ ವಿದುಷಿಯು 2015ರಲ್ಲಿ ಪ್ರಕಟಿಸಿದ ಗ್ರಂಥವು ನಮ್ಮಂಥ ಉಪಾಧ್ಯಾಯಿನಿಯರು ಓದತಕ್ಕದ್ದು. ಕೂಸು ಹುಟ್ಟಿದೊಡನೆ ಬಂಧುಗಳು ಮೂಗನ್ನೂ ಕೂದಲನ್ನೂ ಪರೀಕ್ಷಿಸುವುದು, ಮೂಗು ನೀಳವಾಗಲೆಂದು ತಾಯಿಯು ಬೆರಳುಗಳಿಂದ ಮತ್ತೆ ಮತ್ತೆ ಒತ್ತುವುದು, ನೀಳವಾದ ಕೂದಲಿಗೆ "ಒಳ್ಳೆಯ ಕೂದಲು" ಎಂದೂ ಗುಂಗುರಾದುದಕ್ಕೆ "ಕೆಟ್ಟ ಕೂದಲು" ಎಂದೂ ಹೇಳುವುದು, ಇವೆಲ್ಲವೂ ಪ್ರೀತಿಯಿಂದಲೇ ನಡೆಯುತ್ತವೆ. ಹೊರಗಿನ ಲೋಕವು ತನ್ನ ಮಗುವನ್ನು ಹೇಗೆ ನೋಡುವುದೆಂದು ಆ ತಾಯಿಗೆ ಚೆನ್ನಾಗಿ ಗೊತ್ತು. ಆದರೆ ಒಂದೇ ಮನೆಯಲ್ಲಿ ತಂಗಿಯ ತಲೆಯನ್ನು ಬಾಚುವಾಗ ಇಲ್ಲದ ನಿಟ್ಟುಸಿರನ್ನು ಅಕ್ಕನ ತಲೆಯನ್ನು ಬಾಚುವಾಗ ಕೇಳುತ್ತ ಬೆಳೆದ ಹುಡುಗಿಗೆ ಯಾರೂ ಯಾವ ಪಾಠವನ್ನೂ ಬೇರೆಯಾಗಿ ಕಲಿಸಬೇಕಾಗಿಲ್ಲ. ನಮ್ಮ ಊರುಗಳ ಬಾಣಂತಿಯ ಕೋಣೆಗಳಲ್ಲಿಯೂ ಮೊದಲ ಪ್ರಶ್ನೆ ಗಂಡೋ ಹೆಣ್ಣೋ ಎಂಬುದಾದರೆ ಎರಡನೆಯದು ಯಾವುದೆಂದು ವಾಚಕರು ಬಲ್ಲರು.

ಒಂದು ಆಶ್ಚರ್ಯವನ್ನು ಇಲ್ಲಿ ಹೇಳಬೇಕು. ಕಂದುಬಣ್ಣದವರು ಬಿಳಿಯರಿಗೂ ಕಪ್ಪು ಜನರಿಗೂ ನಟ್ಟನಡುವೆ ಇರುವರೆಂದೂ, ಆ ಮಧ್ಯದ ಮೆಟ್ಟಲು ಅವರಿಗೆ ಪಾರಾಗುವ ಬಾಗಿಲೆಂದೂ ಹಿಂದಿನ ವಿದ್ವಾಂಸರು ಎಣಿಸಿದ್ದರು. ನೆಲ್ಸನ್ ಡೊ ವಾಲಿ ಸಿಲ್ವ ಎಂಬವನು ಗಣತಿಯ ಅಂಕಿಗಳನ್ನು ಹಿಡಿದು ಲೆಕ್ಕಹಾಕಿದಾಗ, ವರಮಾನದಲ್ಲಿ ಕಂದುಬಣ್ಣದವರು ಕಪ್ಪು ಜನರಿಗೆ ಬಹು ಹತ್ತಿರವಾಗಿಯೂ ಬಿಳಿಯರಿಂದ ಬಹು ದೂರವಾಗಿಯೂ ಇದ್ದರು. 2022ರಲ್ಲಿಯೂ ಬಿಳಿಯ ಕೆಲಸಗಾರನ ಒಂದು ತಾಸಿನ ಸರಾಸರಿ ಸಂಪಾದನೆಯು 20 ರೆಯಾಲ್, ಕಪ್ಪು ಮತ್ತು ಕಂದುಬಣ್ಣದವನದು 12 ರೆಯಾಲ್ ಚಿಲ್ಲರೆ. ಮಧ್ಯದ ಮೆಟ್ಟಲುಗಳು ಹೆಸರಿಗೆ ನೂರಿದ್ದರೂ ಸಂಬಳದ ದಿನ ಅವು ಕಾಣುವುದಿಲ್ಲ. ಇನ್ನು ಲಸೆರ್ಡನ ಭವಿಷ್ಯವೇನಾಯಿತು? ಅವನು ಕೊಟ್ಟ ನೂರು ವರ್ಷ ತೀರಿದ ಮೇಲೆ, 2022ರ ಜನಗಣತಿಯಲ್ಲಿ ಬಿಳಿಯರೆಂದು ಬರೆಯಿಸಿದವರು ನೂರಕ್ಕೆ 43.5, ಕಂದುಬಣ್ಣದವರು 45.3, ಕಪ್ಪು ಜನರು 10.2. ತಪ್ಪಿಸಿಕೊಳ್ಳುತ್ತಿದ್ದ ಹೆಸರನ್ನು ಜನರು ಈಗ ತಾವಾಗಿಯೇ ಹೇಳತೊಡಗಿದ್ದಾರೆಂಬುದೂ ಈ ಅಂಕಿಗಳ ಒಂದು ಕಾರಣ.

ಏಣಿಯನ್ನು ಸರಿಪಡಿಸಲು ಹೊರಟಾಗ ಆದ ತೊಡಕನ್ನೂ ಹೇಳಬೇಕಾಗಿದೆ. ರಾಜಧಾನಿಯಾದ ಬ್ರೆಸಿಲಿಯದ ವಿಶ್ವವಿದ್ಯಾನಿಲಯವು 2004ರಿಂದ ಕಪ್ಪು ವಿದ್ಯಾರ್ಥಿಗಳಿಗೆಂದು ಕೆಲವು ಸ್ಥಾನಗಳನ್ನು ಕಾದಿರಿಸಿತು. ಯಾರು ಕಪ್ಪು ಜನರೆಂದು ನಿರ್ಣಯಿಸುವವರು ಯಾರು? ಅರ್ಜಿದಾರರ ಛಾಯಾಚಿತ್ರಗಳನ್ನು ಒಂದು ಸಮಿತಿಯು ನೋಡಿ ತೀರ್ಮಾನಿಸುತ್ತಿತ್ತು. 2007ರಲ್ಲಿ ತದ್ರೂಪರಾದ ಅವಳಿ ಸಹೋದರರಿಬ್ಬರು ಅರ್ಜಿ ಹಾಕಿದರು. ಸಮಿತಿಯು ಒಬ್ಬನನ್ನು ಕಪ್ಪೆಂದು ಒಪ್ಪಿ, ಇನ್ನೊಬ್ಬನನ್ನು ಅಲ್ಲವೆಂದು ತಿರಸ್ಕರಿಸಿತು! ಮೇಲ್ಮನವಿಯ ಮೇಲೆ ಇಬ್ಬರನ್ನೂ ಒಪ್ಪಿತಾದರೂ ದೇಶವೆಲ್ಲ ನಕ್ಕಿತು. ಬಣ್ಣದ ಲೆಕ್ಕವನ್ನೇ ಕೈಬಿಡಬೇಕೆಂದು ಹಲವರು ವಾದಿಸಿದರು. ಛಾಯಾಚಿತ್ರದ ಕ್ರಮವನ್ನು ವಿಶ್ವವಿದ್ಯಾನಿಲಯವು ಬಿಟ್ಟುಬಿಟ್ಟಿತು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಮೀಸಲಾತಿ ನ್ಯಾಯವೆಂದು ಒಮ್ಮತದಿಂದ ತೀರ್ಪಿತ್ತಿತು. ಅದೇ ವರ್ಷದ ಕಾಯಿದೆಯಿಂದ ಕೇಂದ್ರ ಸರಕಾರದ ವಿಶ್ವವಿದ್ಯಾನಿಲಯಗಳಲ್ಲೆಲ್ಲ ಅರ್ಧ ಸ್ಥಾನಗಳು ಸರಕಾರೀ ಶಾಲೆಗಳಲ್ಲಿ ಓದಿದವರಿಗೆ ಮೀಸಲಾದವು. ಅದರೊಳಗೆ ಕಪ್ಪು, ಕಂದು ಮತ್ತು ಮೂಲನಿವಾಸಿ ಮಕ್ಕಳಿಗೆ ಆಯಾ ಪ್ರಾಂತದ ಜನಸಂಖ್ಯೆಗೆ ತಕ್ಕಷ್ಟು ಪಾಲು ಸಿಕ್ಕಿತು.

ಬೆಳ್ಳಗಿರುವ ಕೆಲವರು ತಾವೂ ಕಂದುಬಣ್ಣದವರೆಂದು ಬರೆದುಕೊಟ್ಟು ಆ ಸ್ಥಾನಗಳನ್ನು ಹಿಡಿದರೆಂದು ದೂರುಗಳು ಹುಟ್ಟಿದವು. ಮೇಲಿನ ಮೆಟ್ಟಲಿಗೆ ಹತ್ತಲು ಹವಣಿಸುತ್ತಿದ್ದ ದೇಶದಲ್ಲಿ ಕೆಳಗಿನ ಮೆಟ್ಟಲಿಗೆ ಇಳಿಯಲು ಹವಣಿಸುವವರು ಮೊದಲನೆಯ ಸಲ ಕಂಡರು. ಆದುದರಿಂದ ಸಮಿತಿಗಳು ಮತ್ತೆ ಏರ್ಪಟ್ಟವು. ಹಲವರು ಸದಸ್ಯರು ಅರ್ಜಿದಾರನನ್ನು ಎದುರಿಗೆ ನಿಲ್ಲಿಸಿಕೊಂಡು ನೋಡುತ್ತಾರೆ. ಇಂಥ ಪರಿಶೀಲನೆಯು ಮನುಷ್ಯನ ಮಾನಕ್ಕೆ ಕುಂದಾಗದಂತೆ ನಡೆಯಬೇಕೆಂದು 2017ರಲ್ಲಿ ನ್ಯಾಯಾಲಯವು ಹೇಳಿತು. ಹೀಗೆ ನಿಲ್ಲಬೇಕಾದ ಹದಿನೆಂಟರ ಹುಡುಗಿಗೆ ಅದೆಷ್ಟು ಸಂಕೋಚವಾದೀತೆಂದು ನಾವು ಬಲ್ಲೆವು. ಆದರೂ ಇದಕ್ಕಿಂತ ಮೇಲಾದ ದಾರಿಯು ನಮಗೂ ತೋರುವುದಿಲ್ಲ.

ಆ ಸಮಿತಿಯವರು ನೋಡುವುದು ಮುಖವನ್ನು ಮಾತ್ರ. ವಂಶವೃಕ್ಷವನ್ನಾಗಲಿ, ಕಪ್ಪುಬಣ್ಣದ ಅಜ್ಜಿಯ ಭಾವಚಿತ್ರವನ್ನಾಗಲಿ ಸಾಕ್ಷ್ಯವಾಗಿ ಹಿಡಿಯುವುದಿಲ್ಲ. ಕೆಲಸವನ್ನು ಕೊಡುವವನೂ ಬೀದಿಯಲ್ಲಿ ತಡೆಯುವ ಪೋಲೀಸಿನವನೂ ಅಜ್ಜಿಯ ಚಿತ್ರವನ್ನು ಕೇಳುವುದಿಲ್ಲ, ಮುಖವನ್ನು ನೋಡುತ್ತಾರೆ. ಆದುದರಿಂದ ನೊಗೇರನು ಹೇಳಿದ ಗುರುತನ್ನೇ ಪರಿಹಾರದಲ್ಲಿಯೂ ಹಿಡಿಯಬೇಕಾಯಿತು. ಬ್ರೋಕೋಸನ ಚಿತ್ರದ ಆ ಮಡಿಲಿನ ಮಗುವು ಬೆಳೆದು ಇಂದು ಅಲ್ಲಿಗೆ ಬಂದರೆ, ಬಾಗಿಲ ಹೊರಗೆ ಕೈಯೆತ್ತಿ ನಿಂತಿರುವ ಅಜ್ಜಿಯನ್ನು ತೋರಿಸಿದರೂ, ಸಮಿತಿಯು ಅವನನ್ನು ಬಿಳಿಯನೆಂದೇ ಬರೆದುಕೊಂಡು ಹಿಂದಕ್ಕೆ ಕಳುಹಿಸುವುದು.